ಅಮ್ಮನಾಣೆ, ತಾಗಿಲ್ಲ

ಬಣಕಲ್‌ನಲ್ಲಿ ಹೈವೇಯಿಂದ ಮೇಲಕ್ಕೆ ಹತ್ತುವ ನಮ್ಮ ಬೀದಿಯಲ್ಲಿ ಕ್ರಿಕೆಟ್ ಆಡುವುದೆಂದರೆ ಅರ್ಧ ಎದುರಾಳಿಗಳ ಜೊತೆ, ಅರ್ಧ ಇಳಿಜಾರಿನ ಜೊತೆ ಜಗಳ. ಬ್ಯಾಟ್ ಮಾಡುವವರು ಮೇಲ್ಗಡೆ ನಿಲ್ಲಬೇಕು, ಬಾಲ್ ಹಾಕುವವರು ಕೆಳಗಿನಿಂದ ಏದುಸಿರು ಬಿಡುತ್ತ ಓಡಿ ಬರಬೇಕು. ಎಷ್ಟು ಜೋರಾಗಿ ಹಾಕಿದರೂ ಬಾಲ್ ಕಾಂಕ್ರೀಟಿಗೆ ಬಿದ್ದ ಮೇಲೆ ನಿಧಾನವಾಗಿಬಿಡುತ್ತಿತ್ತು. ವಿಕೆಟ್ ಎಂದರೆ ಖಾಲಿ ಎಣ್ಣೆ ಟಿನ್ನು. ಬೌಲ್ಡ್ ಆದರೆ ಇಡೀ ಬೀದಿಗೆ ಕೇಳಿಸುತ್ತಿದ್ದ ಕಾರಣ ಅದರಲ್ಲಿ ತಕರಾರಿಗೆ ಜಾಗವಿರಲಿಲ್ಲ.

ತಕರಾರಿಗೆ ಬೇರೆ ಜಾಗಗಳು ಧಾರಾಳವಾಗಿದ್ದವು. ಇಳಿಜಾರಿನಲ್ಲಿ ಓಡಲಾಗುವುದಿಲ್ಲವೆಂದು ರನ್ನುಗಳನ್ನೆಲ್ಲ ಗುರುತಿನ ಮೇಲೆ ಇಟ್ಟುಕೊಂಡಿದ್ದೆವು. ಎಡಗಡೆ ಚರಂಡಿಗೆ ಬಿದ್ದರೆ ಒಂದು, ಬಲಗಡೆ ನಮ್ಮ ಮನೆ ಗೇಟಿಗೆ ತಾಗಿದರೆ ಎರಡು, ಕರೆಂಟ್ ಕಂಬ ದಾಟಿದರೆ ನಾಲ್ಕು. ನೇರ ಹೊಡೆದು ಬಾಲ್ ಹೈವೇ ಮುಟ್ಟಿದರೆ ಹೊಡೆದವನೇ ಔಟ್, ಏಕೆಂದರೆ ಒಮ್ಮೆ ಅದರ ಹಿಂದೆ ಓಡಿದವನನ್ನು ಮಂಗಳೂರು ಬಸ್ಸಿನ ಡ್ರೈವರ್ ಇಳಿದು ಬಂದು ಹೊಡೆದಿದ್ದ. ಒಂದು ಪಿಚ್ ಬಿದ್ದ ಬಾಲನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್. ಎಲ್‌ಬಿ ಇಲ್ಲ. ಕೊನೆಗೆ ಉಳಿದವನು ಒಬ್ಬನೇ ಆಡಬಹುದು.

ಅಂಪೈರ್ ಬ್ಯಾಟಿಂಗ್ ಟೀಮಿನವನೇ, ಆಗಲೇ ಔಟಾಗಿ ಕೆಲಸವಿಲ್ಲದೆ ನಿಂತವನು. ಹಾಗಾಗಿ ಅವನ ಬಾಯಲ್ಲಿ ಔಟ್ ಎಂಬ ಮಾತು ಬರುತ್ತಲೇ ಇರಲಿಲ್ಲ. ಅದಕ್ಕೆಂದೇ ನಮ್ಮಲ್ಲಿ ಆಣೆಯ ರೂಲು ಇದ್ದದ್ದು. ಬಾಲ್ ಬ್ಯಾಟಿಗೆ ತಾಗಿತೋ ಇಲ್ಲವೋ ಎಂದು ಜಗಳವಾದರೆ ಬ್ಯಾಟ್ಸ್‌ಮನ್ ಟಿನ್ನಿನ ಮುಂದೆ ನಿಂತು, ಬಲಗೈಯಲ್ಲಿ ಗಂಟಲು ಹಿಡಿದು, "ಅಮ್ಮನಾಣೆ, ತಾಗಿಲ್ಲ" ಎಂದು ಮೂರು ಸಲ ಹೇಳಬೇಕು. ಎಡಗೈ ಬಿಡಿಸಿ ಎಲ್ಲರಿಗೂ ತೋರಿಸುತ್ತಿರಬೇಕು, ಬೆರಳ ಮೇಲೆ ಬೆರಳು ಹಾಕಿದರೆ ಆಣೆ ರದ್ದು. ಗಾಡ್ ಪ್ರಾಮಿಸ್ ನಡೆಯುತ್ತಿರಲಿಲ್ಲ, ಅದನ್ನು ಎಲ್ಲರೂ ಶಾಲೆಯಲ್ಲಿ ಹೋಂವರ್ಕಿಗೇ ಖರ್ಚು ಮಾಡಿಬಿಟ್ಟಿದ್ದರು. ದೇವರಾಣೆಯೂ ನಡೆಯುತ್ತಿರಲಿಲ್ಲ. ಅಮ್ಮನಾಣೆ ಮಾಡಿದರೆ ಮಾತ್ರ ಮಾತು ಮುಗಿಯಿತು, ಆಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ.

ಈ ರೂಲು ತಂದವನು ನಮ್ಮ ಕ್ಯಾಪ್ಟನ್. ನನಗಿಂತ ಎರಡು ವರ್ಷ ದೊಡ್ಡವನು, ಪಿಕಪ್ ಓಡಿಸುವವರ ಮಗ, ಬೀದಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಾಲ್ ಹಾಕುತ್ತಿದ್ದ. ಅವನಿಗೆ ಅಮ್ಮ ಇರಲಿಲ್ಲ. ಎರಡು ವರ್ಷದ ಹಿಂದೆ ಜ್ವರ ಬಂದು ತೀರಿಕೊಂಡಿದ್ದರು. ಅದಾದ ಮೇಲೆ ಅವನು ಬ್ಯಾಟಿಂಗ್‌ನಲ್ಲಿ ಯಾವತ್ತೂ ತಕರಾರು ಮಾಡಲಿಲ್ಲ, ಯಾರಾದರೂ ಔಟ್ ಎಂದು ಕೂಗುವ ಮೊದಲೇ ಬ್ಯಾಟ್ ಕೆಳಗಿಟ್ಟು ನಡೆಯುತ್ತಿದ್ದ. ಬೇರೆಯವರ ವಿಷಯದಲ್ಲಿ ಮಾತ್ರ ಸಣ್ಣ ಅನುಮಾನಕ್ಕೂ "ಆಣೆ ಮಾಡು" ಎನ್ನುತ್ತಿದ್ದ. ನಮಗೆ ಅದು ಕ್ಯಾಪ್ಟನ್‌ಗಿರಿಯ ದರ್ಪ ಎಂದು ಕಾಣುತ್ತಿತ್ತು.

ನಾನು ವಿಕೆಟ್ ಕೀಪರ್. ಹನ್ನೊಂದು ವರ್ಷದ ಹುಡುಗಿಯನ್ನು ಹುಡುಗರ ನಡುವೆ ಸೇರಿಸಿಕೊಂಡದ್ದು ಪ್ರೀತಿಯಿಂದಲ್ಲ, ಬ್ಯಾಟ್ ನನ್ನದಾಗಿತ್ತು ಎಂಬ ಕಾರಣಕ್ಕೆ. ಕೀಪಿಂಗ್ ನಾನಾಗಿಯೇ ಕಲಿತೆ, ಮತ್ತು ಚೆನ್ನಾಗಿ ಕಲಿತೆ. ಬ್ಯಾಟನ್ನು ನಮ್ಮ ಅಂಗಡಿಗೆ ಬರುವ ಆಚಾರಿಯೊಬ್ಬರು ಸಿಲ್ವರ್ ಓಕ್ ಹಲಗೆಯಲ್ಲಿ ಮಾಡಿಕೊಟ್ಟಿದ್ದರು. ಹಗುರವಾಗಿತ್ತು, ಆದರೆ ಹಿಡಿ ಸ್ವಲ್ಪ ದಿನಕ್ಕೇ ಸಡಿಲವಾಯಿತು. ಅಪ್ಪ ಎರಡು ಮೊಳೆ ಹೊಡೆದು ಸೈಕಲ್ ಟ್ಯೂಬ್ ಸುತ್ತಿದ್ದರು. ಆದರೂ ಜೋರಾಗಿ ಬೀಸಿದರೆ ಒಮ್ಮೊಮ್ಮೆ ಹಿಡಿ ಒಳಗೇ ಅಲುಗಿ 'ಟಕ್' ಎನ್ನುತ್ತಿತ್ತು. ಬೀಸಿದಾಗಲೆಲ್ಲ ಅಲ್ಲ, ಒಮ್ಮೊಮ್ಮೆ. ಅಂಗಳದಲ್ಲಿ ಒಬ್ಬಳೇ ಗಾಳಿಗೆ ಬೀಸಿ ಬೀಸಿ ನನಗೆ ಮಾತ್ರ ಅದು ಗೊತ್ತಿತ್ತು.

ಪಕ್ಕದ ಮನೆಯವನು ನನ್ನ ಕ್ಲಾಸಿನವನು. ಅವನ ಅಪ್ಪ ಎಸ್ಟೇಟಿನಲ್ಲಿ ರೈಟರ್, ಅಂದರೆ ಹಾಜರಿ ಬರೆಯುವ ಕೆಲಸ. ಆ ಏಪ್ರಿಲ್ ರಜೆಯಲ್ಲಿ ಅವನ ಅಪ್ಪ ಅಮ್ಮ ಇಬ್ಬರೂ ಮಂಗಳೂರಿಗೆ ಹೋಗಿದ್ದರು. ಮದುವೆಗೆ ಎಂದು ಅವನ ಅಜ್ಜಿ ಎಲ್ಲರಿಗೂ ಹೇಳಿದ್ದರು. ಮದುವೆಯಲ್ಲ, ಆಸ್ಪತ್ರೆ ಎಂದು ಅವನು ನನಗೊಬ್ಬಳಿಗೆ ಹೇಳಿದ್ದ. ಹಾಲು ತರಲು ಹೋಗುವ ದಾರಿಯಲ್ಲಿ, ಕ್ಯಾನು ಕೈ ಬದಲಾಯಿಸುತ್ತ, ನನ್ನ ಮುಖ ನೋಡದೆ ಹೇಳಿದ್ದ.

"ಅಮ್ಮಂಗೆ ಹೊಟ್ಟೇಲಿ ಗಡ್ಡೆ ಅಂತೆ. ಆಪರೇಷನ್ ಮಾಡ್ತಾರಂತೆ. ಯಾರಿಗೂ ಹೇಳ್ಬೇಡ ಮಾರಾಯ್ತಿ, ಹೇಳಿದ್ರೆ ಎಲ್ರೂ ನನ್ನ ಪಾಪ ಅನ್ನೋ ಹಾಗೆ ನೋಡ್ತಾರೆ."

"ನೀ ಮನೇಲಿ ಏನ್ಮಾಡ್ತಿ?"

"ಮನೇಲಿ ಇದ್ರೆ ಅಜ್ಜಿ ಅಳ್ತಾ ಇರ್ತಾರೆ. ಆಟ ಆಡುವಾಗ ಮಾತ್ರ ಅದು ಮರ್ತು ಹೋಗತ್ತೆ."

ಹಾಗಾಗಿ ಅವನು ಬೆಳಿಗ್ಗೆ ತಿಂಡಿ ತಿಂದವನೇ ಬೀದಿಗೆ ಬಂದು ಟಿನ್ನಿನ ಮೇಲೆ ಕೂತಿರುತ್ತಿದ್ದ. ಬಿಸಿಲು ಏರಿ ಎಲ್ಲರೂ ಒಳಗೆ ಹೋದರೂ ಗೋಡೆಗೆ ಬಾಲ್ ಎಸೆದು ಹಿಡಿಯುತ್ತಿದ್ದ. ಅವನಿಗಿದ್ದದ್ದು ಅದೊಂದೇ. ಅದು ನನಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆ ದಿನ ಅವನು ಎದುರು ಟೀಮಿಗೆ ಹೋಗಿದ್ದ. ಅವರ ಕಡೆ ಐದು ಜನ ಔಟಾಗಿ ಅವನೊಬ್ಬನೇ ಉಳಿದಿದ್ದ. ಗೆಲ್ಲಲು ಎರಡು ರನ್ ಬೇಕು, ಮೂರು ಬಾಲ್ ಬಾಕಿ. ಕೊನೆಯ ಓವರ್ ನಮ್ಮ ಕ್ಯಾಪ್ಟನ್ ಹಾಕುತ್ತಿದ್ದ. ಆ ಓವರಿನ ಮೊದಲ ಹೊಡೆತಕ್ಕೇ ಬಾಲ್ ಚರಂಡಿಗೆ ಬಿದ್ದು ಒದ್ದೆಯಾಗಿತ್ತು. ಕ್ಯಾಪ್ಟನ್ ಅದನ್ನು ಪ್ಯಾಂಟಿಗೆ ಒರೆಸಿಕೊಂಡು ಕೆಳಗಿನಿಂದ ಓಡಿ ಬಂದ.

ಬಾಲ್ ಆಫ್ ಕಡೆ, ಸ್ವಲ್ಪ ದೂರದಲ್ಲಿ ಬಿತ್ತು. ಪಕ್ಕದ ಮನೆಯವನು ಗೇಟಿನ ಆಸೆಯಲ್ಲಿ ಮೈಯೆಲ್ಲ ತಿರುಗಿಸಿ ಬೀಸಿದ. 'ಟಕ್' ಎಂದಿತು. ಬಾಲ್ ನೇರ ಬಂದು ನನ್ನ ಎರಡು ಕೈಗಳ ನಡುವೆ ಕೂತಿತು.

ನಾನೂ ಹಾರಿ ಕಿರುಚಿದೆ. ಮುಚ್ಚಿಡುವುದೇಕೆ, ಎಲ್ಲರಿಗಿಂತ ಮೊದಲು "ಔಟ್!" ಎಂದು ಕಿರುಚಿದವಳು ನಾನೇ. ಕೀಪರ್ ಕೈಗೆ ಬಾಲ್ ಬಂದಾಗ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ಯೋಚನೆ ಆಮೇಲೆ ಬರುತ್ತದೆ. ಅಂಪೈರ್ ಎಂದಿನಂತೆ ತಲೆ ಅಲ್ಲಾಡಿಸಿದ. ನಮ್ಮವರು ಆರು ಜನ ಅವನನ್ನು ಮುತ್ತಿಕೊಂಡರು. ಅವರ ಕಡೆಯ ಐದು ಜನ ನಮ್ಮನ್ನು ಮುತ್ತಿಕೊಂಡರು.

"ಸೌಂಡ್ ಕೇಳ್ಲಿಲ್ವಾ ನಿಂಗೆ? ಕಿವೀಲಿ ಏನ್ ಇಟ್ಕೊಂಡಿದೀಯಾ?"

"ಸೌಂಡ್ ಬಂದ್ರೆ ಔಟಾ? ನೆಲಕ್ಕೆ ತಾಗಿದ್ದು ಅದು, ಬ್ಯಾಟು ನೆಲಕ್ಕೆ!"

ಆಗ ನನಗೆ ಹಿಡಿಯ ವಿಷಯ ನೆನಪಾಯಿತು. "ಅದು ಹಿಡಿ ಸದ್ದು ಇರಬೋದು" ಎಂದೆ. ನಮ್ಮ ಟೀಮಿನವರು ನನ್ನನ್ನು ಮನೆಮುರುಕಿಯಂತೆ ನೋಡಿದರು. ಕ್ಯಾಪ್ಟನ್ ಮಾತ್ರ ನ್ಯಾಯವಾಗಿಯೇ ನಡೆದುಕೊಂಡ. ಬ್ಯಾಟ್ ತೆಗೆದುಕೊಂಡು ಎಲ್ಲರನ್ನೂ ಸುಮ್ಮನಿರಿಸಿ ಗಾಳಿಗೆ ಬೀಸಿದ. ಸದ್ದು ಬರಲಿಲ್ಲ. ಇನ್ನೊಮ್ಮೆ ಬೀಸಿದ. ಬರಲಿಲ್ಲ. ಮೂರನೆಯ ಸಲ 'ಟಕ್' ಎಂದಿತು. ಎರಡೂ ಕಡೆಯವರು ಗೆದ್ದವರಂತೆ ಕೂಗಿದರು. ಬಾಲ್ ಒದ್ದೆಯಾಗಿತ್ತಲ್ಲ, ಬ್ಯಾಟಿನ ಅಂಚಿನಲ್ಲಿ ಗುರುತು ಬಿದ್ದಿದೆಯೇ ಎಂದು ಯಾರೋ ಕೇಳಿದರು. ಬಗ್ಗಿ ನೋಡಿದೆವು. ಆ ಓವರಿನಲ್ಲಿ ಅದೇ ಬಾಲ್ ತಾಗಿ ತಾಗಿ ಬ್ಯಾಟೆಲ್ಲ ಕೆಸರಾಗಿತ್ತು.

ಕ್ಯಾಪ್ಟನ್ ಬ್ಯಾಟ್ ವಾಪಸ್ ಕೊಟ್ಟ. "ಆಯ್ತು ಬಿಡು. ಆಣೆ ಮಾಡು, ಆಟ ಮುಂದುವರಿಸೋಣ."

ಎಷ್ಟು ಸುಲಭದ ಮಾತು. ಆ ಹುಡುಗ ಹಿಂದೆ ಎಷ್ಟೋ ಸಲ ಆಣೆ ಮಾಡಿದ್ದ, ಮೂಗು ಒರೆಸಿಕೊಂಡಷ್ಟು ಸಲೀಸಾಗಿ. ಅವತ್ತು ಟಿನ್ನಿನ ಮುಂದೆ ನಿಂತ, ಬಲಗೈ ಎತ್ತಿದ, ಗಂಟಲ ಹತ್ತಿರ ತಂದು ಕೆಳಗಿಳಿಸಿದ.

"ನಾ ಮಾಡಲ್ಲ."

"ತಾಗಿದೆಯಾ ಹಾಗಾದ್ರೆ?"

"ತಾಗಿಲ್ಲ ಅನ್ಸತ್ತೆ."

"ಅನ್ಸತ್ತೆ ಅಂದ್ರೆ ಎಂಥದು? ತಾಗಿಲ್ಲ ಅಂದ್ರೆ ಆಣೆ ಮಾಡೋಕೇನು?"

"ಮಾಡಲ್ಲ ಅಂದೆನಲ್ಲ."

ಅವನ ಟೀಮಿನವರಿಗೇ ಸಿಟ್ಟು ಬಂತು. ಎರಡು ರನ್ನಿಗೆ ಮ್ಯಾಚು ಬಿಟ್ಟುಕೊಡುತ್ತಾನಲ್ಲ ಎಂದು ಒಬ್ಬ ಅವನ ಬೆನ್ನಿಗೆ ಗುದ್ದಿದ. ನನಗೆ ಮಾತ್ರ ಅರ್ಥವಾಯಿತು. ಕೂದಲೆಳೆಯಷ್ಟು ತಾಗಿದ್ದರೂ, ತನಗೇ ಗೊತ್ತಾಗದಷ್ಟು ತಾಗಿದ್ದರೂ ಆಣೆ ಸುಳ್ಳಾಗುತ್ತದೆ. ಸುಳ್ಳಾದರೆ ಅದು ಎಲ್ಲಿಗೆ ಹೋಗಿ ಬೀಳುತ್ತದೆ ಎಂದು ಅವನು ಲೆಕ್ಕ ಹಾಕುತ್ತಿದ್ದ. ಹೇಳಿಬಿಡೋಣವೆಂದರೆ ಮಾತು ಕೊಟ್ಟಿದ್ದೆ.

"ಔಟ್ ಅಂತ ಬರ್ಕೊಳ್ಳಿ, ಸಾಕು" ಎಂದೆ.

"ಔಟ್ ಅಷ್ಟೇ ಅಲ್ಲ" ಎಂದ ಕ್ಯಾಪ್ಟನ್. "ಆಣೆ ಮಾಡದವ್ನು ಸುಳ್ಳ. ರೂಲು ಎಲ್ರಿಗೂ ಒಂದೇ. ನಾಳೆಯಿಂದ ಇವ್ನು ಆಟಕ್ಕೆ ಬರೋದು ಬೇಡ."

ಪಕ್ಕದ ಮನೆಯವನ ಮುಖ ಬಿಳಿಚಿಕೊಂಡಿತು. ಆದರೂ ಕೈ ಎತ್ತಲಿಲ್ಲ. ಬ್ಯಾಟನ್ನು ನಿಧಾನವಾಗಿ ಟಿನ್ನಿಗೆ ಒರಗಿಸಿ, ಮನೆಯ ಕಡೆ ನೋಡಿದ. ಆ ಮನೆಯೊಳಗೆ ಅಳುವ ಅಜ್ಜಿ, ಮುಂದೆ ಉದ್ದಕ್ಕೆ ಬಿದ್ದಿರುವ ರಜೆ. ಎರಡನ್ನೂ ಅವನು ಒಟ್ಟಿಗೆ ನೋಡಿದ್ದು ನನಗೆ ಕಂಡಿತು.

ನನ್ನ ಪಿತ್ತ ನೆತ್ತಿಗೇರಿತು. ನನಗೆ ಸಿಟ್ಟು ಬಂದರೆ ನಾಲಿಗೆಯ ಮೇಲೆ ಹಿಡಿತವಿರುವುದಿಲ್ಲ, ಇದು ಮನೆಯವರೆಲ್ಲ ಒಪ್ಪಿಕೊಂಡ ವಿಷಯ. ಕ್ಯಾಪ್ಟನ್ ಎದುರು ಹೋಗಿ ನಿಂತು ಹೇಳಿದೆ:

"ನಿಂಗೇನು ಮಾರಾಯ, ಆಣೆ ಮಾಡು ಅಂತ ಹೇಳೋಕೆ! ನಿಂಗೆ ಅಮ್ಮ ಇದ್ರೆ ತಾನೇ ಗೊತ್ತಾಗೋದು!"

ಕೆಳಗೆ ಹೈವೇಯಲ್ಲಿ ಲಾರಿಯೊಂದು ಗೇರ್ ಬದಲಾಯಿಸಿದ್ದು ಕೇಳಿಸಿತು. ಇವತ್ತಿಗೂ ಆ ಮಾತು ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಆಡಿದ ರೀತಿಗೆ ಮಾತ್ರ. ಅವನಿಗೆ ಎದುರು ನಿಂತದ್ದಕ್ಕಲ್ಲ.

ಮೊದಲು ಬಾಯಿಬಿಟ್ಟವನು ಪಕ್ಕದ ಮನೆಯವನು. ನನ್ನ ತೋಳು ಹಿಡಿದು ಎಳೆದ.

"ಸುಮ್ನಿರೇ, ಅವ್ನಿಗ್ಯಾಕೆ ಹಾಗಂತಿ" ಎಂದವನು, ಕ್ಯಾಪ್ಟನ್ ಕಡೆ ತಿರುಗಿ ನೆಲ ನೋಡುತ್ತ ಹೇಳಿದ: "ನಮ್ಮಮ್ಮ ಮದುವೆಗೆ ಹೋಗಿಲ್ಲ. ಆಸ್ಪತ್ರೇಲಿ ಇದಾರೆ. ನಾಳೆ ಆಪರೇಷನ್. ಅದಕ್ಕೇ ಮಾಡಲ್ಲ ಅಂದಿದ್ದು. ತಾಗಿದ್ರೂ ತಾಗಿರಬೋದು, ನಂಗೊತ್ತಿಲ್ಲ."

ಕ್ಯಾಪ್ಟನ್ ನನಗೆ ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಹೊಡೆಯಲಿಲ್ಲ. ಚರಂಡಿಯ ಕಟ್ಟೆಯ ಮೇಲೆ ಕುಳಿತು, ಬೆರಳಿನ ಕೆಸರನ್ನು ಉಗುರಿನಿಂದ ಕೆರೆದ. ಯಾರ ಜೊತೆ ಮಾತಾಡುತ್ತಿದ್ದಾನೆಂದು ತಿಳಿಯುವಂತಿರಲಿಲ್ಲ.

"ನಾನು ಮಾಡಿದ್ದೆ. ಆವತ್ತು ಸ್ಕೂಲ್ ಗ್ರೌಂಡಲ್ಲಿ ಎಸ್ಟೇಟಿನ ಮೇಲಿನ ಲೈನ್‌ಮನೆಯವ್ರ ಜೊತೆ ಮ್ಯಾಚ್ ಇತ್ತಲ್ಲ. ಬಾಲು ತಾಗಿತ್ತು. ನಂಗೆ ಕೈಗೇ ಗೊತ್ತಾಗಿತ್ತು. ತಾಗಿಲ್ಲ ಅಂತ ಅಮ್ಮನಾಣೆ ಮಾಡ್ದೆ. ಆಮೇಲೆ ಎಂಟೇ ದಿನ."

ಆ ಮ್ಯಾಚ್ ನನಗೆ ನೆನಪಿತ್ತು. ನಾವು ಗೆದ್ದಿದ್ದೆವು. ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯುದ್ದಕ್ಕೂ ಕುಣಿದವರಲ್ಲಿ ನಾನೂ ಇದ್ದೆ.

"ಮತ್ತೆ ನಮ್ಮ ಹತ್ರ ಯಾಕೆ ಮಾಡಿಸ್ತಿದ್ದಿ?" ಎಂದು ಅಂಪೈರ್ ಕೇಳಿದ.

"ನೋಡೋಕೆ" ಎಂದ ಕ್ಯಾಪ್ಟನ್. "ನೀವೆಲ್ಲ ಎಷ್ಟು ಸಲ ಸುಳ್ಳು ಆಣೆ ಮಾಡಿದೀರ ಅಂತ ನಂಗೊತ್ತು. ನೀನು ಹೋದ ವಾರ ಮಾಡ್ದೆ. ಅವ್ನು ಮೊನ್ನೆ ಮಾಡ್ದ. ದಿನಾ ನಿಮ್ಮ ಮನೆ ಮುಂದೆ ಹೋಗಿ ನೋಡ್ತೀನಿ. ಯಾರಮ್ಮಂಗೂ ಏನೂ ಆಗಲ್ಲ. ಎಲ್ರೂ ಇದಾರೆ." ಅವನ ಬಾಯಿ ವಕ್ರವಾಯಿತು. "ನಮ್ಮಮ್ಮಂಗೆ ಮಾತ್ರ ಯಾಕೆ ಆಯ್ತು?"

ಅಂಪೈರ್ ಬಿಕ್ಕಿ ಬಿಕ್ಕಿ ಅಳತೊಡಗಿದ, ಹೋದ ವಾರದ್ದು ಸುಳ್ಳೇ ಆಗಿತ್ತಂತೆ, ಅಂದಿನಿಂದ ಅವನು ಅಮ್ಮ ಕೆಮ್ಮಿದರೂ ಬೆಚ್ಚಿ ಬೀಳುತ್ತಿದ್ದನಂತೆ. ಇನ್ನಿಬ್ಬರು ಮುಖ ತಿರುಗಿಸಿಕೊಂಡರು. ಬೀದಿಯಲ್ಲಿ ಇಷ್ಟು ದಿನ ಎಲ್ಲರೂ ಅಮ್ಮಂದಿರನ್ನು ಒತ್ತೆಯಿಟ್ಟು, ಒಬ್ಬರಿಗೊಬ್ಬರು ಹೇಳದೆ, ಹೆದರಿ ಹೆದರಿ ರನ್ ಮಾಡುತ್ತಿದ್ದೆವು. ಪಕ್ಕದ ಮನೆಯವನು ಎಂಟು ದಿನ ಎಂಬ ಮಾತು ಕೇಳಿದ ಮೇಲೆ ಇನ್ನೂ ಹೆದರಿದ್ದ. ಆಣೆ ಮಾಡದಿದ್ದರೂ ಕೈ ಎತ್ತಿದ್ದು ಲೆಕ್ಕಕ್ಕೆ ಬರುತ್ತದೆಯೇ ಎಂದು ನನ್ನ ಕಿವಿಯಲ್ಲಿ ಕೇಳಿದ.

ನನಗೆ ಬಂದ ಸಿಟ್ಟು ಯಾರ ಮೇಲೆಂದು ನನಗೇ ಗೊತ್ತಾಗಲಿಲ್ಲ. ಕ್ಯಾಪ್ಟನ್ ಮೇಲಲ್ಲ. ಆ ಆಣೆಯ ಮೇಲೆ. ಎರಡು ಪದದ ಒಂದು ಮಾತು, ಅದಕ್ಕೆ ಇಷ್ಟು ಸೊಕ್ಕೇ? ಒಂದು ಬಾಲ್ ತಾಗಿದ್ದಕ್ಕೆ ಒಬ್ಬರಮ್ಮನನ್ನು ಕೊಂದು ಬರುವಷ್ಟು? ಟಿನ್ನಿನ ಮುಂದೆ ಹೋಗಿ ನಿಂತೆ. ಎಡಗೈಯಲ್ಲಿ ಬಾಲ್ ಹಿಡಿದು ಎಲ್ಲರಿಗೂ ಕಾಣುವಂತೆ ಚಾಚಿದೆ. ಬಲಗೈಯಲ್ಲಿ ಗಂಟಲು ಹಿಡಿದೆ.

"ಅಮ್ಮನಾಣೆ, ನನ್ನ ಕೈಲಿ ಬಾಲ್ ಇಲ್ಲ."

"ಏಯ್!" ಎಂದು ಕ್ಯಾಪ್ಟನ್ ಎದ್ದು ನಿಂತ.

"ಅಮ್ಮನಾಣೆ, ನನ್ನ ಕೈಲಿ ಬಾಲ್ ಇಲ್ಲ."

"ಬೇಡ ಕಣೇ, ಬೇಡ!" ಓಡಿ ಬಂದು ನನ್ನ ಬಾಯಿ ಮುಚ್ಚಲು ನೋಡಿದ. ಅವನ ಕೈ ತಣ್ಣಗಿತ್ತು. ಅದನ್ನು ಕಿತ್ತು ಹಾಕಿ ಮೂರನೆಯ ಸಲವೂ ಹೇಳಿದೆ, ಬೀದಿಯ ಮೇಲಿನ ತುದಿಗೂ ಕೇಳುವಂತೆ ಹೇಳಿದೆ. ಆಮೇಲೆ ಬಾಲನ್ನು ಅವನ ಕೈಗೆ ಹಾಕಿದೆ.

"ಇದಕ್ಕಿಂತ ದೊಡ್ಡ ಸುಳ್ಳು ಬೇಕಾ? ನೋಡು ಈಗ. ಎಂಟು ದಿನ ನೋಡು. ನಮ್ಮಮ್ಮಂಗೆ ಏನಾಗತ್ತೆ ಅಂತ ನಾನೂ ನೋಡ್ತೀನಿ."

ಆಟ ಮುಂದುವರಿಯಿತು. ಎರಡು ಬಾಲ್ ಬಾಕಿಯಿತ್ತಲ್ಲ, ಕ್ಯಾಪ್ಟನ್ "ನಾಟೌಟ್" ಎಂದಷ್ಟೇ ಹೇಳಿ ಕೆಳಗೆ ಹೋದ. ಪಕ್ಕದ ಮನೆಯವನು ಬ್ಯಾಟ್ ಬೀಸುವ ಧೈರ್ಯವಿಲ್ಲದೆ ಎರಡನ್ನೂ ಕಾಲ ಬಳಿ ತಡೆದು ನಿಲ್ಲಿಸಿದ. ಅವರು ಒಂದು ರನ್ನಿಗೆ ಸೋತರು. ನಾಳೆ ಬರಬೇಡ ಎಂದು ಯಾರೂ ಹೇಳಲಿಲ್ಲ. "ನಾಳೆ ಬೇಗ ಬಾ, ಆಪರೇಷನ್ ಮುಗಿಯೋ ತನಕ ಆಡೋಣ" ಎಂದ ಕ್ಯಾಪ್ಟನ್.

ನನ್ನ ಶೌರ್ಯ ಗೇಟಿನವರೆಗೆ ಬಂತು. ಗೇಟು ದಾಟಿದ ಮೇಲೆ ಓಡಿದೆ. ಅಮ್ಮ ಹಿತ್ತಲಿನಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ಅವರ ಹಣೆ ಮುಟ್ಟಿ ನೋಡಿದೆ. ಬಿಸಿಲಿಗೆ ಕೂತವರ ಹಣೆ ಬಿಸಿಯಿರದೆ ಇನ್ನೇನು, ನನಗೆ ಎದೆ ಧಸಕ್ಕೆಂದಿತು. ಅಂದಿನಿಂದ ನೀರು ನಾನೇ ಸೇದಿದೆ, ಅಟ್ಟ ನಾನೇ ಹತ್ತಿದೆ, ಕಟ್ಟಿಗೆ ತೆಗೆಯುವ ಮೊದಲು ಹಾವಿದೆಯೇ ಎಂದು ಕೋಲಿನಿಂದ ತಟ್ಟಿದೆ. "ಏನು ಘನಂದಾರಿ ಕೆಲಸ ಮಾಡ್ಕೊಂಡು ಬಂದಿದೀಯೇ? ಯಾರ ಮನೆ ಗಾಜು ಒಡೆದೆ?" ಎಂದು ಅಮ್ಮ ಬೆನ್ನು ಬಿದ್ದರು. ನಾನು ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಮಂಗಳೂರಿನಿಂದ ಫೋನ್ ಬಂತು. ಪಕ್ಕದ ಮನೆಯ ಅಜ್ಜಿ ಫೋನ್ ಹಿಡಿದುಕೊಂಡೇ ಬೀದಿಗೆ ಬಂದು, ಬ್ಯಾಟ್ ಮಾಡುತ್ತಿದ್ದ ಮೊಮ್ಮಗನ ಕಿವಿಗೆ ಒತ್ತಿದರು. ಆಪರೇಷನ್ ಸರಿಯಾಗಿತ್ತು, ಅಮ್ಮನಿಗೆ ಎಚ್ಚರವಾಗಿತ್ತು. ಅವನು ಅಲ್ಲೇ ಟಿನ್ನಿನ ಮೇಲೆ ಕುಳಿತು ಅತ್ತ. ನಾವು ಬೇರೆ ಕಡೆ ನೋಡುತ್ತ ನಿಂತೆವು.

ಕ್ಯಾಪ್ಟನ್ ಮಾತ್ರ ಪ್ರತಿದಿನ ಬೆಳಿಗ್ಗೆ ನಮ್ಮ ಗೇಟಿಗೆ ಬರುತ್ತಿದ್ದ. ನಾನು ಹಲ್ಲುಜ್ಜಿ ಮುಗಿಸುವ ಮೊದಲೇ ಬಂದು ನಿಂತಿರುತ್ತಿದ್ದ.

"ನಿಮ್ಮಮ್ಮ ಇದಾರಾ?"

"ಅಮ್ಮಾ, ಇದೀಯಾ?" ಎಂದು ನಾನು ಒಳಗೆ ಕೂಗುತ್ತಿದ್ದೆ.

"ಎಲ್ಲಿಗೆ ಹೋಗ್ಲಿ ನಿಮ್ಮನ್ನೆಲ್ಲ ಬಿಟ್ಟು!" ಎಂದು ಅಮ್ಮ ಸಿಡುಕುತ್ತಿದ್ದರು. ಅಷ್ಟು ಕೇಳಿಸಿಕೊಂಡು ಅವನು ಹೊರಟುಹೋಗುತ್ತಿದ್ದ. ಏಳನೆಯ ದಿನ ಅಮ್ಮನಿಗೆ ನೆಗಡಿಯಾಯಿತು. ಅವನು ಅವತ್ತು ಬೆಳಿಗ್ಗೆ ಬಂದವನು ಮಧ್ಯಾಹ್ನವೂ ಬಂದ, ಸಂಜೆಯೂ ಬಂದ. ಎಂಟನೆಯ ದಿನ ಆಟಕ್ಕೇ ಬರಲಿಲ್ಲ, ನಮ್ಮ ಗೇಟಿನ ಎದುರಿನ ಕಟ್ಟೆಯ ಮೇಲೆ ಕೂತೇ ಇದ್ದ. ನಾನೂ ಅವನ ಪಕ್ಕ ಹೋಗಿ ಕುಳಿತೆ. ಒಳಗೆ ಅಮ್ಮ ಸೀನಿದಾಗಲೆಲ್ಲ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಒಂಬತ್ತನೆಯ ದಿನ ಅವನು ಗೇಟಿನಲ್ಲಿ ನಿಲ್ಲಲಿಲ್ಲ. ಏನನ್ನೂ ಕೇಳದೆ ನೇರ ಅಡುಗೆಮನೆಯ ಬಾಗಿಲಿಗೆ ಬಂದ. ಅಮ್ಮ ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ನಮ್ಮ ಬೀದಿಯ ಮಕ್ಕಳೆಲ್ಲ ಅಮ್ಮನನ್ನು ಅತ್ತೆ ಎಂದೇ ಕರೆಯುತ್ತಿದ್ದರು, ಅವನೂ ಹಾಗೆಯೇ ಕರೆಯುತ್ತಿದ್ದ.

"ಅತ್ತೆ" ಎಂದ. "ನಮ್ಮಮ್ಮ ಜ್ವರ ಬಂದೇ ಹೋಗಿದ್ದು, ಅಲ್ವಾ?"

ಅಮ್ಮ ಕೈ ನಿಲ್ಲಿಸಿ ತಿರುಗಿ ನೋಡಿದರು. ಅವರಿಗೆ ಯಾವ ಆಣೆಯ ವಿಷಯವೂ ಗೊತ್ತಿರಲಿಲ್ಲ.

"ಹೌದು ಮಗ, ಜ್ವರ ಬಂದೇ. ನಾನು ಪಕ್ಕದಲ್ಲೇ ಇದ್ದೆನಲ್ಲ. ಮತ್ತಿನ್ಯಾತಕ್ಕೆ ಹೋಗ್ತಾರೆ?"

ಅವನು ತಲೆಯಾಡಿಸಿದ. ಅಮ್ಮ ಕೊಟ್ಟ ರೊಟ್ಟಿಯನ್ನು ತಿನ್ನುವಾಗ ಅವನ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಅವನು ಒರೆಸಿಕೊಳ್ಳಲಿಲ್ಲ.